ಗುಂಪಿನ ಮಾತು ಮತ್ತು ಒಬ್ಬರ ಮಾತು: ವಾಟ್ಸಾಪ್ ಗುಂಪಿನಿಂದ ಖಾಸಗಿ ಸಂದೇಶಕ್ಕೆ ಹೊರಳುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಅನೇಕ ಗ್ರಾಮ ಪಂಚಾಯತಿಗಳಲ್ಲಿ ಇಂದು ಒಂದು ವಾಟ್ಸಾಪ್ ಗುಂಪು ಇರುತ್ತದೆ. ಅಧ್ಯಕ್ಷರು, ಸದಸ್ಯರು, ಕಾರ್ಯದರ್ಶಿ, ಕರ ವಸೂಲಿಗಾರ, ನೀರುಗಂಟಿಗಳು ಎಲ್ಲರೂ ಅದರಲ್ಲಿರುತ್ತಾರೆ. ಅಲ್ಲಿ ಒಬ್ಬರನ್ನು ಉದ್ದೇಶಿಸಿ ಬರೆದ ಉತ್ತರವೂ ಎಲ್ಲರ ಫೋನಿಗೆ ತಲುಪುತ್ತದೆ. ಸಭೆಯಲ್ಲಾದರೆ ಪಕ್ಕದವರ ಕಡೆಗೆ ಬಾಗಿ ಮೆಲ್ಲಗೆ ಮಾತನಾಡಬಹುದು. ಗುಂಪಿನಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಯಾವ ಮಾತನ್ನು ಗುಂಪಿನಲ್ಲಿ ಮುಂದುವರಿಸಬೇಕು, ಯಾವುದನ್ನು ಒಬ್ಬರೊಡನೆ ಪ್ರತ್ಯೇಕವಾಗಿ ಆಡಬೇಕು, ಹಾಗೆ ಹೊರಳುವಾಗ ಗುಂಪಿನಲ್ಲಿ ಉಳಿದವರಿಗೆ ಏನು ಹೇಳಬೇಕು ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ನಡೆದ ಪ್ರಸಂಗ

ನಾನು ಸೇವೆಗೆ ಸೇರಿದ ಹೊಸತರಲ್ಲಿ ಕೆಲಸ ಮಾಡಿದ ಒಂದು ಪಂಚಾಯತಿಯಲ್ಲಿ ಬೇಸಿಗೆಯ ಒಂದು ಸಂಜೆ ಏಳು ಗಂಟೆಗೆ ಸದಸ್ಯರೊಬ್ಬರು ಗುಂಪಿನಲ್ಲಿ ಹೀಗೆ ಬರೆದರು: “ನಮ್ಮ ವಾರ್ಡಿಗೆ ನೀರು ಬಂದು ಐದು ದಿನಾ ಆತ್ರಿ. ಹೆಣ್ಮಕ್ಕಳು ಮನಿ ಮುಂದ ಬಂದು ನಿಂತಾರ. ಯಾರಿಗೆ ಕೇಳಬೇಕು?” ಇದು ಯೋಗ್ಯವಾದ ಪ್ರಶ್ನೆ, ಯೋಗ್ಯವಾದ ಸ್ಥಳದಲ್ಲಿಯೇ ಕೇಳಿದ್ದು. ಆ ವಾರ್ಡು ಮೇಲ್ತೊಟ್ಟಿಯಿಂದ ಹೊರಟ ಪೈಪಿನ ಕೊನೆಯ ತುದಿಯಲ್ಲಿತ್ತು. ಮೇಲಿನ ಎರಡು ವಾಲ್ವುಗಳನ್ನು ಸರಿಯಾದ ಸಮಯಕ್ಕೆ ಮುಚ್ಚದಿದ್ದರೆ ಅಲ್ಲಿಗೆ ನೀರಿನ ಒತ್ತಡ ತಲುಪುತ್ತಿರಲಿಲ್ಲ.

ಇನ್ನೊಬ್ಬ ಸದಸ್ಯರು ನೀರುಗಂಟಿ ಎರಡು ದಿನದಿಂದ ಕಾಣುತ್ತಿಲ್ಲ ಎಂದರು. ಮತ್ತೊಬ್ಬರು, ಮೇಲಿನ ಓಣಿಯಲ್ಲಿ ಯಾರೋ ಮುಖ್ಯ ಪೈಪಿಗೆ ನೇರವಾಗಿ ಮೋಟಾರು ಹಚ್ಚಿದ್ದಾರೆ, ಅವರು ಯಾರ ಸಂಬಂಧಿಕರೆಂದು ಎಲ್ಲರಿಗೂ ಗೊತ್ತಿದೆ ಎಂದರು. ಆ ಮಾತು ಯಾರಿಗೆ ತಗುಲಬೇಕಿತ್ತೋ ಅವರು ಹಿಂದಿನ ಚುನಾವಣೆಯ ವಿಷಯವನ್ನು ಎಳೆದು ತಂದರು. ನಾನು ವಾದವನ್ನು ನಿಲ್ಲಿಸಲೆಂದು ಹೀಗೆ ಬರೆದೆ: “ನೀರುಗಂಟಿ ಹೇಳದೆ ಕೇಳದೆ ಗೈರಾಗಿದ್ದಾರೆ. ನಾಳೆ ನೋಟಿಸ್ ಕೊಡುತ್ತೇನೆ.” ನೀರುಗಂಟಿಯೂ ಅದೇ ಗುಂಪಿನಲ್ಲಿದ್ದರು. ಅವರ ಪತ್ನಿ ಹೆರಿಗೆಗಾಗಿ ಆಸ್ಪತ್ರೆಯಲ್ಲಿದ್ದರು. ಅವರು ಅದನ್ನು ಕರ ವಸೂಲಿಗಾರರಿಗೆ ತಿಳಿಸಿಯೇ ಹೋಗಿದ್ದರು. ನನಗೆ ಅದು ತಲುಪಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ವಾಲ್ವಿನ ಕೀಲಿ ಅವರ ಮನೆಯಲ್ಲಿತ್ತು. ಊರ ಮುಂದೆ ಅಪಮಾನವಾಯಿತೆಂದು ಅವರು ಫೋನ್ ಎತ್ತಲಿಲ್ಲ. ಆ ವಾರ್ಡು ಇನ್ನೂ ಎರಡು ದಿನ ನೀರಿಲ್ಲದೆ ಉಳಿಯಿತು.

ಮರುದಿನ ನಾನು ಇದಕ್ಕೆ ವಿರುದ್ಧವಾದ ತಪ್ಪು ಮಾಡಿದೆ. ಗುಂಪಿನಲ್ಲಿ ಬರೆಯುವುದೇ ಬೇಡವೆಂದು, ದೂರು ಕೊಟ್ಟ ಸದಸ್ಯರೊಬ್ಬರಿಗೇ ಪ್ರತ್ಯೇಕ ಸಂದೇಶ ಕಳುಹಿಸಿ, ಅವರ ವಾರ್ಡಿಗೆ ಒಂದು ಟ್ಯಾಂಕರ್ ನೀರು ಕೊಡಿಸುವುದಾಗಿ ಒಪ್ಪಿಕೊಂಡೆ. ಟ್ಯಾಂಕರ್ ಊರೊಳಗೆ ಬಂದದ್ದನ್ನು ಎಲ್ಲರೂ ನೋಡಿದರು. ಅದು ಏಕೆ ಬಂತು, ಯಾರ ಹೇಳಿಕೆಯ ಮೇಲೆ ಬಂತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ, ಒಳಗಿಂದೊಳಗೆ ವ್ಯವಹಾರ ನಡೆಯುತ್ತಿದೆ ಎಂಬ ಆಕ್ಷೇಪಣೆಗೆ ಉತ್ತರ ಕೊಡುವುದರಲ್ಲಿಯೇ ಒಂದು ಗಂಟೆ ಕಳೆಯಿತು.

ಮೊದಲ ದಿನ, ಒಬ್ಬರನ್ನು ಕೇಳಬೇಕಾದದ್ದನ್ನು ಎಲ್ಲರ ಮುಂದೆ ಹೇಳಿದೆ. ಎರಡನೆಯ ದಿನ, ಎಲ್ಲರಿಗೂ ಹೇಳಬೇಕಾದದ್ದನ್ನು ಒಬ್ಬರಿಗೆ ಹೇಳಿದೆ. ಗುಂಪಿನಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಈ ಎರಡರೊಳಗೆ ಒಂದಾಗಿರುತ್ತವೆ.

ಮಾತನ್ನು ಎಳೆಎಳೆಯಾಗಿ ಬಿಡಿಸುವುದು

ಗುಂಪಿನಲ್ಲಿ ಬೆಳೆದ ಚರ್ಚೆ ಹೊರಗಿನಿಂದ ಒಂದೇ ವಿಷಯದಂತೆ ಕಾಣುತ್ತದೆ, ಆದರೆ ಒಳಗೆ ಹಲವು ಎಳೆಗಳಿರುತ್ತವೆ. ಮೇಲಿನ ಪ್ರಸಂಗದಲ್ಲಿ ಮೂರು ಎಳೆಗಳಿದ್ದವು. ನೀರು ಯಾವಾಗ ಬರುತ್ತದೆ ಎಂಬುದು ಮೊದಲನೆಯದು. ನೀರುಗಂಟಿ ಏಕೆ ಬಂದಿಲ್ಲ ಎಂಬುದು ಎರಡನೆಯದು. ಅನಧಿಕೃತ ಸಂಪರ್ಕ ಇದೆಯೇ ಎಂಬುದು ಮೂರನೆಯದು. ಇಡೀ ಚರ್ಚೆಯನ್ನು ಗುಂಪಿನಲ್ಲಿಡಬೇಕೋ ಹೊರಗೆ ಒಯ್ಯಬೇಕೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಎಳೆಗೂ ಬೇರೆ ಬೇರೆಯಾಗಿ ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲ ಪ್ರಶ್ನೆ: ಈ ಉತ್ತರದಿಂದ ಎಷ್ಟು ಜನರ ನಾಳಿನ ಕೆಲಸ ಬದಲಾಗುತ್ತದೆ? ನೀರು ನಾಳೆ ಬೆಳಿಗ್ಗೆ ಆರು ಗಂಟೆಗೆ ಬರುತ್ತದೆ ಎಂದರೆ ಒಂದು ವಾರ್ಡಿನ ಎಲ್ಲ ಮನೆಗಳವರು ಕೊಡ ತೊಳೆದು ಸಿದ್ಧರಾಗುತ್ತಾರೆ. ಅಂಥ ಉತ್ತರ ಗುಂಪಿನಲ್ಲಿಯೇ ಇರಬೇಕು. ಉತ್ತರ ಒಬ್ಬರಿಗೆ ಅಥವಾ ಇಬ್ಬರಿಗೆ ಮಾತ್ರ ಬೇಕಾಗಿದ್ದರೆ ಅದು ಗುಂಪಿನ ಮಾತಲ್ಲ.

ಎರಡನೆಯ ಪ್ರಶ್ನೆ: ಈ ಮಾತಿನಲ್ಲಿ ಒಬ್ಬ ವ್ಯಕ್ತಿಯ ಹೆಸರು, ಆರೋಗ್ಯ, ಸಾಲ, ಕುಟುಂಬ ಅಥವಾ ದಾಖಲೆ ಬರುತ್ತದೆಯೇ? ಬರುವುದಾದರೆ ಮೊದಲು ಅವರೊಡನೆ ಮಾತ್ರ ಮಾತನಾಡಬೇಕು. ಗೈರುಹಾಜರಿಯ ಕಾರಣ ಈ ಬಗೆಯದು. ಎಲ್ಲರ ಮುಂದೆ ಕೇಳಿದರೆ ನಿಜವಾದ ಕಾರಣವನ್ನು ಹೇಳಲು ಆ ವ್ಯಕ್ತಿಗೆ ಸಾಧ್ಯವೇ ಆಗದಿರಬಹುದು. ದಾಖಲೆಗಳ ವಿಷಯದಲ್ಲಿ ಇದು ಕೇವಲ ಸೌಜನ್ಯವಲ್ಲ. ಫಲಾನುಭವಿಯ ಆಧಾರ್ ಕಾರ್ಡಿನ ಚಿತ್ರವನ್ನು ಗುಂಪಿಗೆ ಹಾಕಿರೆಂದು ಕೇಳುವ ರೂಢಿ ಹಲವೆಡೆ ಇದೆ. ಆದರೆ ಇನ್ನೊಬ್ಬರ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರದರ್ಶಿಸುವುದನ್ನು 2016ರ ಆಧಾರ್ ಕಾಯಿದೆ ನಿಷೇಧಿಸಿದೆ. ಅದನ್ನು ಸಂಬಂಧಪಟ್ಟ ಸಿಬ್ಬಂದಿಗೆ ಕಚೇರಿಯಲ್ಲಿಯೇ ಕೊಡತಕ್ಕದ್ದು.

ಮೂರನೆಯ ಪ್ರಶ್ನೆ: ಇದು ಪಂಚಾಯತಿ ತೀರ್ಮಾನಿಸಬೇಕಾದ ವಿಷಯವೇ? ಹೌದಾದರೆ ಅದು ಗುಂಪಿಗೂ ಸೇರಿದ್ದಲ್ಲ, ಖಾಸಗಿ ಸಂದೇಶಕ್ಕೂ ಸೇರಿದ್ದಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಪಂಚಾಯತಿಯ ತೀರ್ಮಾನಗಳು ಸಭೆಯಲ್ಲಿ ಆಗತಕ್ಕವು. ಗುಂಪಿನಲ್ಲಿ ಹತ್ತು ಜನ ಹೆಬ್ಬೆರಳಿನ ಗುರುತು ಒತ್ತಿದರೂ ಅದು ಠರಾವು ಆಗುವುದಿಲ್ಲ. ಇಬ್ಬರು ಖಾಸಗಿಯಾಗಿ ಒಪ್ಪಿಕೊಂಡದ್ದಂತೂ ಆಗುವುದೇ ಇಲ್ಲ. ಅನಧಿಕೃತ ಸಂಪರ್ಕದ ಆಪಾದನೆ ಲಿಖಿತ ದೂರಾಗಬೇಕು, ಸ್ಥಳ ಪರಿಶೀಲನೆಯಾಗಬೇಕು, ವರದಿ ಸಭೆಯ ಮುಂದೆ ಬರಬೇಕು.

ಹೊರಳುವ ಸಮಯವನ್ನು ಗುರುತಿಸುವುದು

ವಾದ ಬಿಸಿಯಾದ ಮೇಲೆ ಈ ಪ್ರಶ್ನೆಗಳು ನೆನಪಿಗೆ ಬರುವುದು ಕಷ್ಟ. ಅದಕ್ಕಾಗಿ ಕೆಲವು ಹೊರಗುರುತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುಂಪಿನಲ್ಲಿ ಇಬ್ಬರೇ ಬರೆಯುತ್ತಿದ್ದು ಉಳಿದವರು ಮೌನವಾಗಿದ್ದರೆ ಅದು ಮೊದಲನೆಯ ಗುರುತು. ಎರಡು ಸುತ್ತು ಉತ್ತರ ಪ್ರತ್ಯುತ್ತರವಾದ ಮೇಲೆ ಮೂರನೆಯದನ್ನು ಗುಂಪಿನಲ್ಲಿ ಬರೆಯದಿರುವುದು ಒಳ್ಳೆಯ ನಿಯಮ. ಇಂದಿನ ವಿಷಯದೊಳಗೆ ಹಳೆಯ ವಿಷಯ ನುಸುಳುವುದು ಎರಡನೆಯ ಗುರುತು. ನೀರಿನ ಮಾತಿನಲ್ಲಿ ಚುನಾವಣೆ ಬಂದ ಕ್ಷಣವೇ ಅದು ನೀರಿನ ಮಾತಾಗಿ ಉಳಿದಿರಲಿಲ್ಲ. ಮೂರನೆಯದು ನಮ್ಮೊಳಗಿನ ಗುರುತು: ನಾವು ಬರೆಯುತ್ತಿರುವುದು ಎದುರಿನವರಿಗೆ ತಿಳಿಸಲೋ ಅಥವಾ ನೋಡುತ್ತಿರುವ ಉಳಿದವರ ಮುಂದೆ ಗೆಲ್ಲಲೋ? ಎರಡನೆಯದಾಗಿದ್ದರೆ ಬರೆದದ್ದನ್ನು ಕಳುಹಿಸದೆ ಅಳಿಸಬೇಕು.

ಗುಂಪಿನಿಂದ ಹೊರಗೆ ಒಯ್ಯಬಾರದ ಮಾತುಗಳು

ಜಗಳ ತಪ್ಪಿಸಲೆಂದು ಎಲ್ಲವನ್ನೂ ಖಾಸಗಿಗೆ ಒಯ್ಯುವುದು ಸರಿಯಲ್ಲ. ಮೆಣಸಗಿ ಮಲಪ್ರಭೆಯ ದಂಡೆಯ ಊರು. 2019ರ ಆಗಸ್ಟ್ ತಿಂಗಳಿನ ನೆರೆಯಲ್ಲಿ ರೋಣ, ನರಗುಂದ ತಾಲ್ಲೂಕುಗಳ ನದಿತೀರದ ಜನ ಮನೆ ಬಿಟ್ಟು ಹೊರಡಬೇಕಾಯಿತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದಾಗ “ಎಷ್ಟು ಹೊತ್ತಿಗೆ ನಮ್ಮ ಕಡೆ ಬರುತ್ತದೆ?” ಎಂದು ಒಬ್ಬ ಸದಸ್ಯರು ಕೇಳಿದರೆ, ಅವರೊಬ್ಬರಿಗೆ ಉತ್ತರಿಸುವುದು ಅಪಾಯಕರ. ಕೇಳಿದವರು ಒಬ್ಬರಾದರೂ ಉತ್ತರ ಎಲ್ಲರಿಗೂ ಬೇಕು. ಹಾಗೆಯೇ ಕಾಮಗಾರಿಯ ಬಿಲ್ಲು, ಫಲಾನುಭವಿಗಳ ಆಯ್ಕೆ, ಟ್ಯಾಂಕರಿನ ಸರದಿ ಇವುಗಳ ಕುರಿತು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ “ಆಮೇಲೆ ಪರ್ಸನಲ್ ಆಗಿ ಮಾತಾಡೋಣ” ಎಂದರೆ, ಮುಚ್ಚಿಡಲು ಏನೂ ಇಲ್ಲದಿದ್ದರೂ ಸಂಶಯ ಹುಟ್ಟುತ್ತದೆ. ಅಂಥಲ್ಲಿ ಗೊತ್ತಿರುವಷ್ಟನ್ನು ಅಲ್ಲಿಯೇ ಹೇಳಿ, ಉಳಿದದ್ದನ್ನು ಕಡತ ನೋಡಿ ಇಂಥ ದಿನ ಇದೇ ಗುಂಪಿನಲ್ಲಿ ತಿಳಿಸುವುದಾಗಿ ಬರೆಯಬೇಕು.

ಇದಕ್ಕೆ ತದ್ವಿರುದ್ಧವಾದ ವಿಷಯವೂ ಉಂಟು. ಬಾಲ್ಯವಿವಾಹದ ಸುಳಿವು ಅಥವಾ ಮಗುವಿನ ಮೇಲಿನ ದೌರ್ಜನ್ಯದ ಸುದ್ದಿಯನ್ನು ಗುಂಪಿನಲ್ಲಿ ಒಂದು ಸಾಲೂ ಬರೆಯಕೂಡದು. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ನೇರವಾಗಿ ಕರೆ ಮಾಡತಕ್ಕದ್ದು.

ಹೊರಳುವ ಮಾತಿನ ಮೂರು ಭಾಗಗಳು

ಗುಂಪಿನಿಂದ ಹೊರಳುವಾಗ ಮೂರು ಕಡೆ ಬರೆಯಬೇಕಾಗುತ್ತದೆ: ಹೊರಡುವಾಗ ಗುಂಪಿನಲ್ಲಿ ಒಂದು ಸಾಲು, ಖಾಸಗಿಯಲ್ಲಿ ಮೊದಲ ಸಾಲು, ಮುಗಿದ ಮೇಲೆ ಮರಳಿ ಗುಂಪಿನಲ್ಲಿ ಒಂದು ಸಾಲು. ಮೊದಲನೆಯದನ್ನು ಬಿಟ್ಟರೆ ಸಂಶಯ ಹುಟ್ಟುತ್ತದೆ. ಎರಡನೆಯದು ಒರಟಾದರೆ ಎದುರಿನವರು ಹೆದರುತ್ತಾರೆ ಇಲ್ಲವೆ ಸಿಟ್ಟಾಗುತ್ತಾರೆ. ಮೂರನೆಯದನ್ನು ಮರೆತರೆ, ಕೆಲಸ ಆಗಿದ್ದರೂ ಊರಿಗೆ ಅದು ಆಗದ ಕೆಲಸವೇ.

ಹೊರಡುವ ಸಾಲಿನಲ್ಲಿ ಯಾವ ಎಳೆಯನ್ನು ಹೊರಗೆ ಒಯ್ಯುತ್ತೇವೆ ಮತ್ತು ಯಾವಾಗ ಮರಳಿ ತಿಳಿಸುತ್ತೇವೆ ಎಂಬುದಿರಬೇಕು. ಏಕೆ ಒಯ್ಯುತ್ತೇವೆ ಎಂಬ ವಿವರಣೆ ಬೇಡ. ಆ ವಿವರಣೆಯಲ್ಲಿಯೇ ಆಪಾದನೆ ಅಡಗಿರುತ್ತದೆ. “ನೀವು ಗುಂಪಿನಲ್ಲಿ ಗದ್ದಲ ಮಾಡಬೇಡಿ, ನನಗೆ ಬೇರೆ ಮೆಸೇಜ್ ಮಾಡಿ” ಎಂಬುದು ಹೊರಳುವ ಸಾಲಲ್ಲ, ಎಲ್ಲರ ಮುಂದೆ ಗದರಿದ ಸಾಲು. “ಸಿಬ್ಬಂದಿ ವಿಷಯವನ್ನು ನಾನು ಅವರೊಡನೆ ಮಾತನಾಡಿ ತಿಳಿದುಕೊಳ್ಳುತ್ತೇನೆ. ನೀರಿನ ವ್ಯವಸ್ಥೆ ಏನಾಯಿತೆಂದು ಇಂದು ರಾತ್ರಿ 9ರೊಳಗೆ ಇಲ್ಲಿಯೇ ತಿಳಿಸುತ್ತೇನೆ” ಎಂಬುದು ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವುದಿಲ್ಲ, ಉತ್ತರಕ್ಕೆ ಒಂದು ಗಡುವನ್ನೂ ಕೊಡುತ್ತದೆ.

ಖಾಸಗಿಯ ಮೊದಲ ಸಾಲಿನಲ್ಲಿ ಯಾವ ವಿಷಯ, ಬೇರೆ ಯಾರು ಓದುತ್ತಿದ್ದಾರೆ, ನಮಗೆ ತಿಳಿಯಬೇಕಾದದ್ದು ಏನು ಎಂಬುದು ಸ್ಪಷ್ಟವಾಗಬೇಕು. “ಯಾಕೆ ಬಂದಿಲ್ಲ?” ಎಂದಷ್ಟೇ ಬರೆದರೆ ಅದು ವಿಚಾರಣೆ. “ಅಣ್ಣಾರ, ನೀರಿನ ವಿಷಯ ಗುಂಪಿನ್ಯಾಗ ಬಂದೈತಿ, ನೋಡಿರಬಹುದು. ಇದನ್ನ ನಿಮಗೊಬ್ಬರಿಗೇ ಕೇಳಾಕತ್ತೀನಿ. ಮನಿಯಾಗ ಏನರ ತೊಂದರಿ ಐತೇನು? ವಾಲ್ವಿನ ಕೀಲಿ ಯಾರ ಕಡೆ ಕಳಿಸಬಹುದು?” ಎಂದು ಬರೆದರೆ ಉತ್ತರಿಸಲು ದಾರಿ ತೆರೆಯುತ್ತದೆ. ಇಲ್ಲಿ ಕೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಅವರು ಉತ್ತರ ಕೊಡದಿದ್ದರೂ ಎರಡನೆಯದಕ್ಕೆ ಕೊಡಬಹುದು, ಆಗ ಊರಿಗೆ ನೀರು ಬರುತ್ತದೆ.

ಮರಳಿ ಗುಂಪಿಗೆ ಬರೆಯುವ ಸಾಲಿನಲ್ಲಿ ಫಲಿತಾಂಶ ಮಾತ್ರ ಇರಬೇಕು. ಖಾಸಗಿಯಾಗಿ ತಿಳಿದ ಕಾರಣ ಅಲ್ಲಿ ಬರಕೂಡದು. “ನಾಳೆ ಬೆಳಿಗ್ಗೆ 6ಕ್ಕೆ 3ನೇ ವಾರ್ಡಿಗೆ ನೀರು ಬಿಡಲಾಗುವುದು. ಈ ವಾರ ಬದಲಿ ವ್ಯವಸ್ಥೆಯಾಗಿದೆ” ಎಂದರೆ ಸಾಕು. ಪತ್ನಿಯ ಹೆರಿಗೆಯ ವಿಷಯವನ್ನು ಒಳ್ಳೆಯ ಉದ್ದೇಶದಿಂದ ಹೇಳಿದರೂ, ಅದನ್ನು ಹೇಳುವ ಹಕ್ಕು ನಮ್ಮದಲ್ಲ.

ಖಾಸಗಿ ಸಂದೇಶದ ಮಿತಿಗಳು

ಖಾಸಗಿ ಸಂದೇಶ ನಿಜವಾಗಿ ಎಷ್ಟು ಖಾಸಗಿ ಎಂಬುದನ್ನು ಬರೆಯುವ ಮೊದಲು ಯೋಚಿಸಬೇಕು. ನಮ್ಮ ಕಡೆ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದುಂಟು. ಮಹಿಳಾ ಸದಸ್ಯರ ಹೆಸರಿನಲ್ಲಿ ಗುಂಪಿನಲ್ಲಿರುವ ಸಂಖ್ಯೆ ಅನೇಕ ವೇಳೆ ಅವರ ಪತಿಯದೋ ಮಗನದೋ ಆಗಿರುತ್ತದೆ. ಸದಸ್ಯೆಯವರಿಗೆಂದು ಬರೆದದ್ದನ್ನು ಬೇರೆಯವರು ಓದಿ, ಅವರ ಪರವಾಗಿ ತಾವೇ ಉತ್ತರಿಸುತ್ತಾರೆ. ಆದ್ದರಿಂದ ಸೂಕ್ಷ್ಮವಾದ ವಿಷಯವಿದ್ದರೆ ಸಂದೇಶದಲ್ಲಿ ವಿವರ ಹಾಕದೆ, “ಅಕ್ಕಾರ, ಒಂದು ವಿಷಯ ನಿಮ್ಮ ಜೋಡಿನ ಮಾತಾಡೋದೈತಿ. ನಾಳೆ 11ಕ್ಕೆ ಕಚೇರಿಗೆ ಬರ್ತೀರೋ, ಹಗಲೊತ್ತಿನ್ಯಾಗ ಫೋನ್ ಮಾಡ್ಲೋ?” ಎಂದು ಕೇಳುವುದು ಯೋಗ್ಯ. ರಾತ್ರಿ ವೇಳೆ ಮಹಿಳಾ ಸದಸ್ಯರಿಗೆ ಪ್ರತ್ಯೇಕ ಸಂದೇಶ ಕಳುಹಿಸುವುದರಿಂದ ಅವರಿಗೆ ಮನೆಯಲ್ಲಿ ತೊಂದರೆಯಾಗಬಹುದು ಎಂಬುದನ್ನು ಪುರುಷ ಸದಸ್ಯರೂ ಅಧಿಕಾರಿಗಳೂ ಮರೆಯಬಾರದು. ಓದಲು ಕಷ್ಟಪಡುವ ಸದಸ್ಯರಿಗೂ ಸಂದೇಶಕ್ಕಿಂತ ಕರೆಯೇ ಉತ್ತಮ. ಇಲ್ಲವಾದರೆ ಅವರು ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ.

ಖಾಸಗಿಯಾಗಿ ಬರೆದದ್ದರ ಚಿತ್ರವನ್ನು ಯಾರಾದರೂ ತೆಗೆದು ಗುಂಪಿಗೆ ಹಾಕಬಹುದು ಎಂಬುದೂ ನೆನಪಿರಲಿ. ಖಾಸಗಿಯಲ್ಲಿ ಮಾತು ಮೃದುವಾಗಬಹುದು, ವಿವರ ಹೆಚ್ಚಾಗಬಹುದು. ಆದರೆ ಗುಂಪಿನಲ್ಲಿ ಹೇಳಿದ್ದಕ್ಕೆ ವಿರುದ್ಧವಾದ ಮಾತು ಅಲ್ಲಿ ಬರಬಾರದು.

ಫೋನಿನಲ್ಲಿ ಮಾಡುವ ಕ್ರಮ

ಗುಂಪಿನಲ್ಲಿ ಒಬ್ಬರು ಬರೆದ ಸಂದೇಶದ ಮೇಲೆ ಬೆರಳನ್ನು ಒತ್ತಿ ಹಿಡಿದು, ಮೇಲ್ಭಾಗದ ಮೂರು ಚುಕ್ಕಿಗಳನ್ನು ಒತ್ತಿದರೆ Reply privately ಎಂಬ ಆಯ್ಕೆ ಕಾಣುತ್ತದೆ. ಅದನ್ನು ಆರಿಸಿದರೆ ಆ ವ್ಯಕ್ತಿಯೊಡನೆ ಮಾತ್ರದ ಪುಟ ತೆರೆದು, ಅವರ ಮೂಲ ಸಂದೇಶವೂ ಮೇಲೆ ಕಾಣುತ್ತದೆ. ಯಾವ ಮಾತಿಗೆ ಉತ್ತರವೆಂದು ಬೇರೆ ಹೇಳಬೇಕಾಗುವುದಿಲ್ಲ. ಕಳುಹಿಸುವ ಮೊದಲು ಪುಟದ ಮೇಲಿರುವ ಹೆಸರು ವ್ಯಕ್ತಿಯದೋ ಗುಂಪಿನದೋ ಎಂದು ಒಮ್ಮೆ ಓದಬೇಕು. ಖಾಸಗಿಗೆಂದು ಬರೆದದ್ದು ಗುಂಪಿಗೆ ಹೋದರೆ ತಕ್ಷಣ Delete for everyone ಬಳಸಬಹುದು. ಆದರೆ ಅಳಿಸಿದ ಗುರುತು ಅಲ್ಲಿ ಉಳಿಯುತ್ತದೆ, ಅಷ್ಟರಲ್ಲಿ ಓದಿದವರು ಓದಿರುತ್ತಾರೆ. ಅದಕ್ಕಾಗಿ ಅಳಿಸಿದ ಮೇಲೆ “ಮೇಲಿನದು ತಪ್ಪಿ ಇಲ್ಲಿ ಬಂದಿತ್ತು, ಕ್ಷಮೆಯಿರಲಿ” ಎಂದು ಬರೆದು, ಸಂಬಂಧಪಟ್ಟವರಿಗೆ ನೇರವಾಗಿ ಕರೆ ಮಾಡುವುದು ಲೇಸು.

ಕಚೇರಿಯ ಇಮೇಲ್ ನೋಡುವವರಿಗೂ ಇದೇ ನಿಯಮ. ತಾಲ್ಲೂಕಿನ ಎಲ್ಲ ಪಂಚಾಯತಿಗಳಿಗೆ ಬಂದ ಪತ್ರಕ್ಕೆ Reply all ಒತ್ತಿದರೆ ನಮ್ಮ ಉತ್ತರ ಎಲ್ಲ ಪಂಚಾಯತಿಗಳಿಗೂ ಹೋಗುತ್ತದೆ. Reply ಒತ್ತಿದರೆ ಪತ್ರ ಕಳುಹಿಸಿದವರಿಗೆ ಮಾತ್ರ ಹೋಗುತ್ತದೆ. ನಮ್ಮ ಒಂದು ಪಂಚಾಯತಿಯ ಮಾಹಿತಿ ಕೇಳಿದ್ದರೆ ಎರಡನೆಯದೇ ಸಾಕು. ಪತ್ರದಲ್ಲಿ ತಪ್ಪು ದಿನಾಂಕವಿರುವುದನ್ನು ಕಂಡರೂ ಮೊದಲು ಕಳುಹಿಸಿದವರಿಗೆ ತಿಳಿಸಿ, ತಿದ್ದುಪಡಿಯನ್ನು ಅವರೇ ಎಲ್ಲರಿಗೂ ಕಳುಹಿಸುವಂತೆ ಕೋರಬೇಕು.

ಅದೇ ಪ್ರಸಂಗ, ಮತ್ತೊಮ್ಮೆ

ಆ ಸಂಜೆ ಇಂದು ಮರಳಿ ಬಂದರೆ ನಾನು ಹೀಗೆ ಮಾಡುತ್ತೇನೆ. ದೂರು ಬಂದ ಕೂಡಲೇ ಗುಂಪಿನಲ್ಲಿ: “ದೂರು ನೋಡಿದ್ದೇನೆ. ಕಾರಣ ತಿಳಿದು ರಾತ್ರಿ 9ರೊಳಗೆ ಇಲ್ಲಿಯೇ ತಿಳಿಸುತ್ತೇನೆ.” ನಂತರ ನೀರುಗಂಟಿಗೆ ಕರೆ, ಎತ್ತದಿದ್ದರೆ ಮೇಲೆ ಹೇಳಿದಂತೆ ಖಾಸಗಿ ಸಂದೇಶ, ಜೊತೆಗೆ ಕರ ವಸೂಲಿಗಾರರಿಗೆ ಕರೆ. ಅನಧಿಕೃತ ಸಂಪರ್ಕದ ಮಾತು ಎದ್ದಾಗ ಗುಂಪಿನಲ್ಲಿ: “ಈ ವಿಷಯ ಯಾರ ಹೆಸರೂ ಇಲ್ಲಿ ಬರದಂತೆ ಲಿಖಿತ ದೂರಾಗಿ ಕಚೇರಿಗೆ ಬರಲಿ. ಸ್ಥಳ ಪರಿಶೀಲನೆ ಮಾಡಿ ವರದಿಯನ್ನು ಸಭೆಯ ಮುಂದೆ ಇಡಲಾಗುವುದು.” ಚುನಾವಣೆಯ ಮಾತು ತೆಗೆದ ಸದಸ್ಯರಿಗೆ ಖಾಸಗಿಯಾಗಿ: “ಗೌಡ್ರ, ನಿಮ್ಮ ಮನಸ್ಸಿಗೆ ಬ್ಯಾಸರಾಗೈತಿ ಅಂತ ತಿಳೀತು. ನಾಳೆ ಬಂದು ಭೇಟಿ ಆಗ್ತೀನಿ.” ಒಂಬತ್ತಕ್ಕೆ ಗುಂಪಿನಲ್ಲಿ, ನೀರು ಬಿಡುವ ಹೊತ್ತು, ಟ್ಯಾಂಕರ್ ಬೇಕಾದರೆ ಅದು ಯಾವ ವಾರ್ಡಿಗೆ, ಏಕೆ ಎಂಬುದೂ ಅಲ್ಲಿಯೇ. ಹೀಗೆ ಮಾಡಿದರೂ ವಾದ ಪೂರ್ತಿ ನಿಲ್ಲಲಿಕ್ಕಿಲ್ಲ. ಆದರೆ ಕೀಲಿ ಸಿಗುತ್ತಿತ್ತು, ಎರಡು ದಿನದ ನೀರು ತಪ್ಪುತ್ತಿರಲಿಲ್ಲ.

ಅಭ್ಯಾಸಕ್ಕಾಗಿ

ಕೆಳಗಿನ ಮೂರು ಸಂದರ್ಭಗಳನ್ನು ಮುಂದಿನ ಸಭೆಗೆ ಮುನ್ನ ತಮ್ಮಲ್ಲಿ ಚರ್ಚಿಸಿ, ಒಂದೊಂದಕ್ಕೂ ಗುಂಪಿನಲ್ಲಿ ಬರೆಯುವ ಸಾಲನ್ನೂ, ಅಗತ್ಯವಿದ್ದರೆ ಖಾಸಗಿಯ ಮೊದಲ ಸಾಲನ್ನೂ ಬರೆದು ತರಬೇಕೆಂದು ಕೋರಿದೆ.

1. ಒಬ್ಬ ಸದಸ್ಯರು ತಮ್ಮ ವಾರ್ಡಿನ ವೃದ್ಧೆಯ ಪಿಂಚಣಿ ನಿಂತಿದೆಯೆಂದು ಬರೆದು, ಅವರ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರವನ್ನು ಗುಂಪಿಗೆ ಹಾಕಿದ್ದಾರೆ.

2. ಗಟಾರ ಕಾಮಗಾರಿಯ ಬಿಲ್ಲು ಎಷ್ಟಾಯಿತೆಂದು ಸದಸ್ಯರೊಬ್ಬರು ಕೇಳಿದ್ದಾರೆ. ಅಧ್ಯಕ್ಷರು “ಸಿಕ್ಕಾಗ ಹೇಳ್ತೀನಿ” ಎಂದು ಉತ್ತರಿಸಿದ್ದಾರೆ.

3. ಸಭೆಯ ಸೂಚನೆಯ ಕೆಳಗೆ ಇಬ್ಬರು ಸದಸ್ಯರು ಹೊಲದ ಬದುವಿನ ವ್ಯಾಜ್ಯ ತೆಗೆದು ನಾಲ್ಕು ಸಂದೇಶ ಬರೆದಿದ್ದಾರೆ. ಸಭೆಯ ಸೂಚನೆ ಮೇಲೆ ಸರಿದು ಕಾಣದಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮೆಣಸಗಿ, ರೋಣ ತಾಲ್ಲೂಕು